ಕ್ವಾಲ್‌ಕೋಡರ್‌ನಲ್ಲಿ ಎರಡು ಕೋಡ್ ಒಂದಾಗಿವೆ, ಬಿಡಿಸುವುದು ಹೇಗೆ?

ಸುಮಾ_ಫೀಲ್ಡ್‌ವರ್ಕ್: ಕ್ವಾಲ್‌ಕೋಡರ್ ತಂತ್ರಾಂಶದಲ್ಲಿ ಆಶಾ ಕಾರ್ಯಕರ್ತೆಯರ ಸಂದರ್ಶನಗಳನ್ನು ಕೋಡ್ ಮಾಡುತ್ತಿದ್ದೇನೆ, ಅಂದರೆ ಮಾತಿನ ತುಣುಕುಗಳಿಗೆ ವಿಷಯದ ಹೆಸರು ಹಾಕುತ್ತಿದ್ದೇನೆ. ‘ಗೌರವಧನ ತಡ’ ಮತ್ತು ‘ಗೌರವಧನ ಎಂಬ ಹೆಸರು’ ಅಂತ ಎರಡು ಕೋಡ್ ಇದ್ದವು. ಮೂರು ವಾರದ ಹಿಂದೆ ಎರಡನ್ನೂ ಸೇರಿಸಿ ‘ಹಣದ ತೊಂದರೆ’ ಮಾಡಿದೆ. ಯಾಕೆ ಸೇರಿಸಿದೆ ಅಂತ ಗೈಡ್ ಕೇಳಿದರು. ನನಗೇ ನೆನಪಿಲ್ಲ, ಮೆಮೋನೂ ಬರೆದಿಲ್ಲ. ಹಿಂದಕ್ಕೆ ಹೋಗಬಹುದಾ?

ಕರಾವಳಿ_ಹುಡುಗ: ಪ್ರಾಜೆಕ್ಟ್ ತೆರೆದಾಗಲೆಲ್ಲ ಬ್ಯಾಕಪ್ ಆಗುತ್ತೆ. ಹೆಸರಲ್ಲಿ `BKUP` ಇರುವ ಫೋಲ್ಡರ್ ತೆರೆಯಿರಿ, ಆಯಿತು.

ಹಳೇ_ಟೇಪ್‌ರೆಕಾರ್ಡರ್: ಅರ್ಧ ಸರಿ. ಅವು ಕೆಲವೇ ಉಳಿಯುತ್ತವೆ, ಹಳೆಯವು ಅಳಿಯುತ್ತವೆ. ಮೂರು ವಾರದ್ದು ಸಿಗುವುದು ಅನುಮಾನ. ಸಿಕ್ಕರೂ ಅದನ್ನೇ ಮುಂದುವರಿಸಿದರೆ ಆಮೇಲಿನ ಕೆಲಸ ಹೋಗುತ್ತೆ. ಬೇರೆ ಪ್ರತಿ ಏನಾದರೂ ಇದೆಯಾ?

ಸುಮಾ_ಫೀಲ್ಡ್‌ವರ್ಕ್: ಸೇರಿಸುವ ಹಿಂದಿನ ದಿನ ಪೆನ್‌ಡ್ರೈವ್‌ಗೆ ಹಾಕಿದ್ದು ಇದೆ! ಅದರಲ್ಲಿ ಮೊದಲನೆಯದಕ್ಕೆ 17, ಎರಡನೆಯದಕ್ಕೆ 15 ತುಣುಕು. ಈಗ ಒಟ್ಟು 39. ಅದರಲ್ಲಿ 9 ಆಮೇಲೆ ಹಾಕಿದವು. ಹಾಗಾದರೆ ಹಳೆಯವು 30 ಮಾತ್ರ. ಎರಡು ಎಲ್ಲಿ ಹೋದವು?

ಹಳೇ_ಟೇಪ್‌ರೆಕಾರ್ಡರ್: ಅಲ್ಲೇ ಇದೆ ನೋಡಿ ಸ್ವಾರಸ್ಯ. ಒಂದೇ ತುಣುಕಿಗೆ ಎರಡೂ ಕೋಡ್ ಹಾಕಿದ್ದರೆ, ಸೇರಿಸಿದಾಗ ಒಂದೇ ಉಳಿಯುತ್ತೆ. ಹಳೆಯ ಪ್ರತಿಯ ನಕಲು ಮಾಡಿ, ಅದನ್ನು ತೆರೆದು SQL ವರದಿಯಲ್ಲಿ ಇದನ್ನು ಓಡಿಸಿ. 12, 19 ಬದಲು ನಿಮ್ಮ ಕೋಡ್‌ಗಳ `cid` ಹಾಕಿ, ಅವು `code_name` ಟೇಬಲ್‌ನಲ್ಲಿವೆ.

```sql
select fid, pos0, pos1 from code_text
where cid in (12, 19)
group by fid, pos0, pos1
having count(*) > 1;
```

ನಂಜನಗೂಡು_ರಸಬಾಳೆ: ಇಬ್ಬರು ಕೋಡ್ ಮಾಡಿ, ಇಬ್ಬರದ್ದೂ ಎಷ್ಟು ಹೊಂದುತ್ತೆ ಅಂತ ಕಪ್ಪಾ ಲೆಕ್ಕ ಹಾಕಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನಮ್ಮ ಪ್ರಾಜೆಕ್ಟ್‌ನಲ್ಲಿ ಹಾಗೇ ಮಾಡಿದ್ದು.

ಹಳೇ_ಟೇಪ್‌ರೆಕಾರ್ಡರ್: ಇಬ್ಬರೂ ಒಪ್ಪಿ ತಪ್ಪಾಗಿ ಸೇರಿಸಬಹುದಲ್ವಾ? ಅವರು ಕೇಳಿದ್ದು ಬೇರೆ.

ಸುಮಾ_ಫೀಲ್ಡ್‌ವರ್ಕ್: ಎರಡು ಸಿಕ್ಕವು. ಒಂದರಲ್ಲಿ ಒಬ್ಬರು, ‘ಸಂಬಳ ಆಗಿದ್ದರೆ ತಡ ಆದಾಗ ಗಟ್ಟಿಯಾಗಿ ಕೇಳ್ತಿದ್ವಿ, ಗೌರವಧನ ಅಂದ್ಮೇಲೆ ಹೇಗೆ ಕೇಳೋದು’ ಎಂದಿದ್ದಾರೆ. ಅಯ್ಯೋ, ಇದು ಬರೀ ಹಣದ ತೊಂದರೆ ಅಲ್ಲ. ಹೆಸರೇ ಕೇಳುವ ಬಾಯಿ ಕಟ್ಟಿದೆ.

ಹಳೇ_ಟೇಪ್‌ರೆಕಾರ್ಡರ್: ಈಗಿನ ಪ್ರಾಜೆಕ್ಟ್‌ನಲ್ಲಿ ಎರಡೂ ಕೋಡ್ ಮತ್ತೆ ಮಾಡಿ, ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟು ಆ 30 ತುಣುಕನ್ನು ಹಂಚಿ. ಹೊಸ 9ನ್ನು ಮತ್ತೆ ಓದಲೇಬೇಕು, ಅವುಗಳಿಗೆ ಹಳೆಯ ಉತ್ತರ ಇಲ್ಲ. ನಡುವೆ ಪಠ್ಯ ತಿದ್ದಿದ್ದರೆ ತುಣುಕು ಶುರುವಾಗುವ ಜಾಗ ಹೇಳುವ `pos0` ಅಂಕಿ ಹೊಂದುವುದಿಲ್ಲ, ಮಾತು ನೋಡಿಯೇ ಹುಡುಕಿ. ಇನ್ನು ಮೇಲೆ ಗುಂಪು ಬೇಕಾದರೆ ಕೆಟಗರಿ ಮಾಡಿ ಕೋಡ್‌ಗಳನ್ನು ಅದರೊಳಗೆ ಎಳೆಯಿರಿ. ಕೋಡ್ ಮೇಲೆ ಕೋಡ್ ಬಿಟ್ಟರೆ ಒಂದಾಗಿಬಿಡುತ್ತವೆ.

ಕೋಡ್‌ನ ಮೆಮೋದಲ್ಲಿ ಹಳೆಯದನ್ನು ಅಳಿಸದೆ, ತಾರೀಖು ಹಾಕಿ ಕೆಳಗೆ ಸೇರಿಸಿ: ಏನು ಬದಲಿಸಿದೆ, ಯಾವ ತುಣುಕು ನೋಡಿ, ಏನು ಕಂಡರೆ ಮತ್ತೆ ಬದಲಿಸುತ್ತೇನೆ. ನಾಲ್ಕು ಸಾಲು ಸಾಕು.

ಸುಮಾ_ಫೀಲ್ಡ್‌ವರ್ಕ್: ಮೂರು ವಾರದ ಹಿಂದಿನ ಕಾರಣ ಈಗ ಊಹಿಸಿ ಬರೆಯಲಾ?

ಹಳೇ_ಟೇಪ್‌ರೆಕಾರ್ಡರ್: ಬೇಡ. ಇವತ್ತಿನ ತಾರೀಖು ಹಾಕಿ, ‘ಆಗಿನ ಕಾರಣ ಬರೆದಿಟ್ಟಿಲ್ಲ’ ಅಂತಲೇ ಬರೆಯಿರಿ.

ಕರಾವಳಿ_ಹುಡುಗ: ಅದನ್ನ ಪ್ರಬಂಧದಲ್ಲೂ ಹಾಕ್ತೀರಾ? ನಮ್ಮ ಗೈಡ್ ಆಗಿದ್ದರೆ ತೆಗೆಸ್ತಿದ್ರು.

ಸುಮಾ_ಫೀಲ್ಡ್‌ವರ್ಕ್: ಗೊತ್ತಿಲ್ಲ. ಮೊದಲು ಆ 9 ಓದ್ತೀನಿ.