ಪದಚರ್ಚೆ: ‘ನಿರ್ಧರಿತ ಬಾಕಿ’ ಮತ್ತು ‘ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ’

ದಾವಣಗೆರೆಯಿಂದ ಪ್ರಶ್ನೆ:
ಗೆಳೆಯರೆ, ನಮ್ಮ ಭಾವ ಚಳ್ಳಕೆರೆಯ ಚಿಕ್ಕ ಎಣ್ಣೆ ಮಿಲ್ಲೊಂದನ್ನು 22 ಲಕ್ಷಕ್ಕೆ ಕೊಳ್ಳುತ್ತಿದ್ದಾರೆ. ಕರಾರಿನ 9ನೇ ಕಲಮು ಹೀಗಿದೆ: ‘ಈ ದಿನದವರೆಗೆ ನಿರ್ಧರಿತವಾದ ತೆರಿಗೆ ಬಾಕಿಗೆ ಮಾರುವವರೇ ಹೊಣೆ.’ ಆದರೆ ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ ಹಳೆಯ ಬಾಕಿಗೆ ಮಾರಿದವರು, ಕೊಂಡವರು ಇಬ್ಬರೂ ‘ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ’ ಹೊಣೆಯಂತೆ. ‘ಜಂಟಿ’ ಅಂದಮೇಲೆ ಮತ್ತೆ ‘ಪ್ರತ್ಯೇಕ’ ಯಾಕೆ?

ಉತ್ತರ 1:
ಜಂಟಿ ಅಂದರೆ ಸಮಪಾಲು. 4 ಲಕ್ಷ ಬಾಕಿ ಬಂದರೆ ಅವರದು 2, ನಿಮ್ಮದು 2. ಕರಾರಿನಲ್ಲಿ ‘ಮಾರುವವರೇ’ ಅಂತ ಬರೆಸಿದ್ದೀರಲ್ಲ, ಆ 2 ಲಕ್ಷವೂ ಅವರ ತಲೆಗೇ ಹೋಗುತ್ತೆ.

ಉತ್ತರ 2:
ಕರಾರು ಮುಖ್ಯ ಅನ್ನೋದು ಸರಿ, ಸಮಪಾಲು ಅನ್ನೋದು ತಪ್ಪು. ‘ಪ್ರತ್ಯೇಕವಾಗಿ’ ಇರುವುದೇ ಇದಕ್ಕೆ: ಇಲಾಖೆ ಪೂರ್ತಿ 4 ಲಕ್ಷವನ್ನು ಕೊಂಡವರೊಬ್ಬರಿಂದಲೇ ಕೇಳಬಹುದು. ಮಿಲ್ಲು, ಯಂತ್ರ ಎಲ್ಲ ಕೈಯಲ್ಲಿರುವುದು ಅವರಿಗೇ, ಸುಲಭಕ್ಕೆ ಸಿಗುವವರೂ ಅವರೇ. ಕರಾರು ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಕಟ್ಟಿದ ಹಣವನ್ನು ಮಾರಿದವರಿಂದ ವಸೂಲಿ ಮಾಡಲು ಮಾತ್ರ ದಾರಿ ಕೊಡುತ್ತದೆ.

ನಿಜವಾದ ತೂತು ಇರುವುದು ‘ನಿರ್ಧರಿತವಾದ’ ಅನ್ನೋ ಪದದಲ್ಲಿ. ಸಹಿ ಹಾಕುವ ದಿನ ಯಾವ ಆದೇಶವೂ ಬಂದಿಲ್ಲ ಅಂದರೆ ನಿರ್ಧರಿತ ಬಾಕಿ ಸೊನ್ನೆ. ಎರಡು ವರ್ಷ ಬಿಟ್ಟು ಅದೇ ಹಳೆಯ ಅವಧಿಗೆ ಆದೇಶ ಬಂದರೆ 85ನೇ ಸೆಕ್ಷನ್ ನಿಮ್ಮನ್ನು ಹಿಡಿಯುತ್ತದೆ, 9ನೇ ಕಲಮು ಮಾರಿದವರನ್ನು ಹಿಡಿಯುವುದಿಲ್ಲ. ಹೀಗೆ ತಿದ್ದಿಸಿ: ‘ಹಸ್ತಾಂತರದ ದಿನದವರೆಗಿನ ಅವಧಿಗೆ ಸಂಬಂಧಿಸಿದ, ಯಾವಾಗಲೇ ನಿರ್ಧಾರವಾಗುವ ತೆರಿಗೆ, ಬಡ್ಡಿ, ದಂಡ.’ ಬಡ್ಡಿ, ದಂಡ ಬಿಟ್ಟರೆ ಅವು ನಿಮ್ಮ ಪಾಲಿಗೇ.

ಉತ್ತರ 3:
ನಮ್ಮ ಮಳಿಗೆ ಕರಾರಿನಲ್ಲೂ ಹಿಂದಿನವರ ಕರೆಂಟ್ ಬಾಕಿ ನಮಗೇ ಅಂಟಿಕೊಂಡಿತ್ತು. ಮೀಟರ್ ಯಾರ ಹೆಸರಲ್ಲಿದೆ ಅಂತ ನೋಡ್ಕೊಳ್ಳಿ.

ಉತ್ತರ 2:
ಅದು ಬೇರೆ ವಿಷಯ, ಆದರೂ ನೋಡತಕ್ಕದ್ದೇ. ತೆರಿಗೆಗೆ ಬಂದರೆ, ಬರೀ ಮಾತಿನ ಹೊಣೆ ಸಾಲದು. 22 ಲಕ್ಷದಲ್ಲಿ 3 ಲಕ್ಷ ತಡೆಹಿಡಿಯಿರಿ. ಒಂದು ವರ್ಷಕ್ಕೆ ಬಿಟ್ಟುಕೊಡಬೇಡಿ: 2024-25ರಿಂದ ಮುಂದಿನ ವರ್ಷಗಳಿಗೆ ನೋಟಿಸ್ ಕೊಡಲು ಇಲಾಖೆಗೆ ವಾರ್ಷಿಕ ರಿಟರ್ನ್ ಗಡುವಿನಿಂದ 42 ತಿಂಗಳಿದೆ. ಮಾರುವವರು ಅಷ್ಟು ಕಾಲ ಒಪ್ಪುವುದು ಕಷ್ಟ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಬಿಡುವ ಕರಾರಿಗೆ ಒಪ್ಪಿಯಾರು.

ಪ್ರಶ್ನೆ ಕೇಳಿದವರು:
ಬರೀ ಗಾಣದ ಯಂತ್ರ ಕೊಂಡು ವ್ಯಾಪಾರ ಬೇಡ ಅಂದರೆ?

ಉತ್ತರ 2:
85 ಇರುವುದು ವ್ಯಾಪಾರದ ವರ್ಗಾವಣೆಗೆ, ಪೂರ್ತಿಯಾಗಲಿ ಭಾಗವಾಗಲಿ. ಹೆಸರು, ಗಿರಾಕಿ, ಕೆಲಸಗಾರರು ಎಲ್ಲ ಬಂದು ಕಾಗದದಲ್ಲಿ ಮಾತ್ರ ‘ಯಂತ್ರ’ ಅಂತಿದ್ದರೆ ನಿಲ್ಲುವುದು ಅನುಮಾನ.

ಚಿತ್ರದುರ್ಗದಿಂದ:
ಕನ್ನಡಕ್ಕೆ ‘ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ’ ಚೆಂದವಲ್ಲವೆ?

ಉತ್ತರ 1:
‘ಒಬ್ಬೊಬ್ಬರಾಗಿ’ ಅಂದರೆ ಸರದಿಯಲ್ಲಿ ಬಂದಂತೆ ಕೇಳುತ್ತೆ. ‘ಯಾರೊಬ್ಬರಿಂದಲಾದರೂ ಪೂರ್ತಿ’ ಅಂದಿದ್ದರೆ ನಾನೂ ಸಮಪಾಲು ಅಂದುಕೊಳ್ಳುತ್ತಿರಲಿಲ್ಲ.