ಕಥೆಯೊಳಗಿನ ಮಾತುಕತೆ: ಕಾಮಾ ಎಲ್ಲಿ, ಫುಲ್‌ಸ್ಟಾಪ್ ಎಲ್ಲಿ, ಹೊಸ ಸಾಲು ಯಾವಾಗ?

ಹೊಸ ಕಥೆಗಾರ್ತಿ, ಹುಬ್ಬಳ್ಳಿ

ಕಥೆ ಬರೆಯೋಕೆ ಶುರು ಮಾಡಿದ್ದೇನೆ. ಮಾತುಕತೆ ಬಂದ ಕೂಡಲೇ ಕೈ ನಿಲ್ಲುತ್ತದೆ. ‘ಎಂದಳು’ ಮೊದಲು ಕಾಮಾನಾ, ಫುಲ್‌ಸ್ಟಾಪಾ? ಹೊಸ ಸಾಲು ಯಾವಾಗ? ಓದಿದವರು "ಯಾರು ಮಾತಾಡ್ತಿದ್ದಾರೆ ಅಂತಾನೇ ಗೊತ್ತಾಗಲ್ಲ" ಅಂತಾರೆ. ಒಂದು ತುಣುಕು ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

> ಶಾಂತವ್ವ ಚಾ ಸೋಸಿದಳು “ಎಲ್ಲಿಗೆ ಹೊಂಟೀಪಾ.” ಎಂದಳು “ಗದಗಕ್ಕ ಬೇ,” “ನಾಳೆ ಸಂಜೀಕೆ ಬರ್ತೀನಿ.” ಎಂದ ಬಸು “ನಾಳೆ” “ಹೂಂ” ಶಾಂತವ್ವ ಬಾಗಿಲ ಕಡೆ ನೋಡಿದಳು “ನಿಮ್ಮಪ್ಪನೂ ಹಂಗ ಅಂದು ಹೋಗಿದ್ದ.”

ಕನ್ನಡ ಟೀಚರ್, ನವನಗರ

ನಾನು ಮಕ್ಕಳಿಗೆ ಹೇಳಿಕೊಡುವುದು ಎರಡೇ ಮಾತು. ಕೋಟ್ ತೆರೆದಾಗಲೆಲ್ಲ ಹೊಸ ಸಾಲು. ‘ಎಂದನು’, ‘ಎಂದಳು’ ಬಂದರೆ ಅದರ ಹಿಂದೆ ಕೋಟ್ ಒಳಗೇ ಒಂದು ಕಾಮಾ. ಇಷ್ಟು ಪಾಲಿಸಿದರೆ ಗೊಂದಲ ಇರೋದಿಲ್ಲ.

ಪ್ರೂಫ್ ನೋಡುವವ, ಧಾರವಾಡ

ತಂಗಿ, ನಿಮ್ಮ ಮಾತುಗಳು ಜೀವಂತವಾಗಿವೆ. ಮಾತು ಯಾರದು ಅನ್ನೋದಷ್ಟೇ ಕಲಸಿಹೋಗಿದೆ. ಮೊದಲು ತಿದ್ದಿದ್ದನ್ನು ನೋಡಿ, ಕಾರಣ ಆಮೇಲೆ ಹೇಳುತ್ತೇನೆ.

> ಶಾಂತವ್ವ ಚಾ ಸೋಸಿದಳು. “ಎಲ್ಲಿಗೆ ಹೊಂಟೀಪಾ?” ಎಂದಳು.
>
> “ಗದಗಕ್ಕ ಬೇ. ನಾಳೆ ಸಂಜೀಕೆ ಬರ್ತೀನಿ” ಎಂದ ಬಸು.
>
> “ನಾಳೆ?”
>
> “ಹೂಂ.”
>
> ಶಾಂತವ್ವ ಬಾಗಿಲ ಕಡೆ ನೋಡಿದಳು. “ನಿಮ್ಮಪ್ಪನೂ ಹಂಗ ಅಂದು ಹೋಗಿದ್ದ.”

ಹೊಸ ಸಾಲಿನ ವಿಷಯದಲ್ಲಿ ಟೀಚರ್ ಹೇಳಿದ್ದು ಅರ್ಧ ಸರಿ. ಸಾಲು ಬದಲಾಗಬೇಕಾದ್ದು ಕೋಟ್ ತೆರೆದಾಗ ಅಲ್ಲ, ಆಳು ಬದಲಾದಾಗ. ಬಸು ಎರಡು ಮಾತು ಆಡಿದ್ದಾನೆ, ಗದಗಕ್ಕೆ ಅಂದದ್ದು, ನಾಳೆ ಬರ್ತೀನಿ ಅಂದದ್ದು. ನಿಮ್ಮ ತುಣುಕಿನಲ್ಲಿ ನಡುವೆ ಕೋಟ್ ಮುಚ್ಚಿ ಮತ್ತೆ ತೆರೆದಿದ್ದೀರಿ. ಓದುವವರಿಗೆ ಅದು ಇಬ್ಬರ ಮಾತಿನಂತೆ ಕಾಣುತ್ತದೆ. ಒಬ್ಬನೇ ಆಡಿದ್ದರೆ ಒಂದೇ ಕೋಟ್ ಒಳಗೆ ಇರಲಿ. ನಡುವೆ ಎಷ್ಟು ಫುಲ್‌ಸ್ಟಾಪ್ ಬಂದರೂ ಅಡ್ಡಿಯಿಲ್ಲ.

ಇನ್ನು ಬಾಗಿಲ ಕಡೆ ನೋಡಿದ ವಾಕ್ಯ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಅದನ್ನು “ಹೂಂ” ಪಕ್ಕಕ್ಕೆ ಹೀಗೆ ಇಟ್ಟು ನೋಡಿ:

> “ಹೂಂ.” ಶಾಂತವ್ವ ಬಾಗಿಲ ಕಡೆ ನೋಡಿದಳು.

ಈಗ ಹೂಂ ಅಂದದ್ದು ಶಾಂತವ್ವ ಅಂತಾಗುತ್ತದೆ. ಒಂದೇ ಸಾಲಿನಲ್ಲಿ ಒಂದು ಮಾತು, ಒಂದು ಕೆಲಸ ಇದ್ದರೆ ಎರಡೂ ಒಬ್ಬರವೇ ಅಂತ ಓದುವವರು ತಿಳಿಯುತ್ತಾರೆ. ಅದಕ್ಕೇ ಯಾರು ಏನು ಮಾಡಿದರೋ ಆ ವಾಕ್ಯ ಅವರ ಮಾತಿನ ಪ್ಯಾರಾದಲ್ಲೇ ಇರಬೇಕು. ಹಾಗಿಟ್ಟರೆ ಇನ್ನೊಂದು ಲಾಭವೂ ಇದೆ. ಕೊನೆಯ ಸಾಲಿಗೆ ‘ಎಂದಳು’ ಹಾಕಿಲ್ಲ ನೋಡಿ. ಬಾಗಿಲ ಕಡೆ ನೋಡಿದವಳೇ ಆಡಿದವಳು ಅಂತ ತಾನಾಗಿ ತಿಳಿಯುತ್ತದೆ. ಆದರೆ ‘ನೋಡಿದಳು’ ಮುಂದೆ ಫುಲ್‌ಸ್ಟಾಪ್ ಬೇಕೇ ಬೇಕು, ಕಾಮಾ ಸಾಲದು. ಅದು ಮುಗಿದ ವಾಕ್ಯ. ನೋಡುವುದು ಬೇರೆ, ಆಡುವುದು ಬೇರೆ.

ಈಗ ‘ಎಂದ’ ವಿಷಯ. ಕೋಟ್ ಒಳಗೆ ಫುಲ್‌ಸ್ಟಾಪ್ ಹಾಕಿ ಆಮೇಲೆ ‘ಎಂದ’ ಅಂತ ಬರೆದರೆ ಓಟ ಅಲ್ಲೇ ಮುರಿಯುತ್ತದೆ. ‘ಎಂದ’ ಬರುವವರೆಗೆ ನಮ್ಮ ವಾಕ್ಯ ಮುಗಿಯೋದೇ ಇಲ್ಲ. ಆದ್ದರಿಂದ ಕೊನೆಯ ಫುಲ್‌ಸ್ಟಾಪ್ ‘ಎಂದ’ ಆದಮೇಲೆ. ಪ್ರಶ್ನೆ ಚಿಹ್ನೆ, ಆಶ್ಚರ್ಯ ಚಿಹ್ನೆ ಮಾತ್ರ ಒಳಗೇ ಉಳಿಯಬೇಕು, ಯಾಕಂದರೆ ಅವು ಆಡಿದ ದನಿಯನ್ನು ತೋರಿಸುತ್ತವೆ. “ಹೊಂಟೀಪಾ?” ಎಂದಳು. ಆ ಪ್ರಶ್ನೆ ಚಿಹ್ನೆ ಇದ್ದರೆ ‘ಎಂದು ಕೇಳಿದಳು’ ಅಂತ ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ‘ಎಂದ’ ಇಲ್ಲದೆ ಮಾತು ಒಂಟಿಯಾಗಿ ನಿಂತಾಗ, “ಹೂಂ.” ಇದ್ದಹಾಗೆ, ಫುಲ್‌ಸ್ಟಾಪ್ ಒಳಗೆ.

ಕನ್ನಡ ಟೀಚರ್, ನವನಗರ

ಆಳು ಬದಲಾದಾಗ ಹೊಸ ಸಾಲು ಅನ್ನೋದು ಸರಿ, ಒಪ್ಪಿದೆ. ಆದರೆ ಸರ್, “ಬರ್ತೀನಿ,” ಎಂದ ಅಂತ ಕಾಮಾ ಹಾಕಿದ ಪುಸ್ತಕಗಳನ್ನೂ ಓದಿದ್ದೇನಲ್ಲ? ಅವು ತಪ್ಪಾ?

ಪ್ರೂಫ್ ನೋಡುವವ, ಧಾರವಾಡ

ತಪ್ಪು ಅಂತ ನಾನು ಹೇಳೋದಿಲ್ಲ. ಎರಡೂ ಬಗೆ ಅಚ್ಚಾಗುತ್ತವೆ. ನನಗೆ ಕಾಮಾ ಬೇಡ ಅನ್ನಿಸುವುದಕ್ಕೆ ಕಾರಣ ಒಂದೇ. ಮಾತು ಇಲ್ಲಿಗೆ ಮುಗಿಯಿತು ಅಂತ ಹೇಳುವ ಕೆಲಸವನ್ನು ಕೋಟ್ ಮತ್ತು ‘ಎಂದ’ ಎರಡೂ ಸೇರಿ ಮಾಡಿಬಿಟ್ಟಿವೆ. ‘ಎಂದು’ ಇದ್ದಲ್ಲಿ ಇನ್ನೂ ಜಾಸ್ತಿ: “ಬರ್ತೀನಿ,” ಎಂದು ಹೇಳಿ ಹೊರಟ ಅಂದಾಗ ನಾಲಿಗೆ ಅಲ್ಲಿ ನಿಲ್ಲುವುದೇ ಇಲ್ಲ. ನಿಲ್ಲದ ಕಡೆ ಕಾಮಾ ಯಾಕೆ?

ಕಾಮಾ ನಿಜವಾಗಿ ಬೇಕಾಗುವುದು ಎರಡು ಕಡೆ. ಆಡುವವರ ಹೆಸರು ಮೊದಲು ಬಂದಾಗ: ಬಸು, “ಗದಗಕ್ಕ ಬೇ” ಎಂದ. ಮತ್ತೆ ಒಂದೇ ವಾಕ್ಯವನ್ನು ನಡುವೆ ಮುರಿದಾಗ: “ನೀ ಹೋದರ,” ಎಂದು ಆಕೆ ಲೋಟ ಕೆಳಗಿಟ್ಟಳು, “ಎಮ್ಮಿ ಹಾಲು ಯಾರು ಕರೀಬೇಕು?” ಇಲ್ಲಿ ಮಾತು ಇನ್ನೂ ಬಾಕಿ ಇದೆ ಅಂತ ಆ ಎರಡು ಕಾಮಾಗಳೇ ಹೇಳುತ್ತಿವೆ.

ಹೀಗೆ ಮುರಿಯುವುದು ಕನ್ನಡದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ‘ಎಂದಳು’ ಕೊನೆಗೆ ಬರುವುದರಿಂದ, ಮಾತು ಆರು ಸಾಲು ಉದ್ದ ಇದ್ದರೆ ಆಡಿದವರು ಯಾರು ಅಂತ ಆರನೇ ಸಾಲಿನವರೆಗೆ ತಿಳಿಯುವುದಿಲ್ಲ. ಮೊದಲ ತುಂಡು ಮುಗಿದ ಕೂಡಲೇ ಹೆಸರು ಹೇಳಿಬಿಡಿ, ಉಳಿದದ್ದು ಆಮೇಲೆ ಬರಲಿ.

ರಂಗಪ್ರೇಮಿ, ಹಾವೇರಿ

ಇಷ್ಟೆಲ್ಲ ಯಾಕ್ರೀ? ಹೆಸರು ಬರೆದು ಎರಡು ಚುಕ್ಕಿ ಇಟ್ಟರೆ ಮುಗೀತು. ‘ಬಸು: ನಾಳೆ ಬರ್ತೀನಿ.’ ಏನು ಮಾಡಿದ ಅನ್ನೋದು ಬ್ರಾಕೆಟ್ಟಿನಲ್ಲಿ. ನಮ್ಮ ಊರಿನ ಜಾತ್ರೆ ನಾಟಕಕ್ಕೆ ನಾವು ಹಾಗೇ ಬರೆಯುತ್ತೇವೆ. ಕೋಟ್ ಬೇಕೇ ಇಲ್ಲ, ಪಾತ್ರಧಾರಿಗಳಿಗೆ ಬಾಯಿಪಾಠಕ್ಕೂ ಸಲೀಸು.

ಹೊಸ ಕಥೆಗಾರ್ತಿ, ಹುಬ್ಬಳ್ಳಿ

ಕಾಕಾ, ನಾನು ಬರೀತಿರೋದು ಕಥೆ. ಚಾ ಸೋಸೋದು, ಬಾಗಿಲು ನೋಡೋದು ಎಲ್ಲ ಬ್ರಾಕೆಟ್ಟಿಗೆ ಹಾಕಿದರೆ ಶಾಂತವ್ವ ಉಳಿಯೋದಿಲ್ಲ. ನಿಮ್ಮ ಪದ್ಧತಿ ನಾಟಕ ಬರೆದರೆ ಖಂಡಿತ ನೆನಪಿಡ್ತೀನಿ.

ಪ್ರೂಫ್ ಸರ್, ಇನ್ನೊಂದು. ನಮ್ಮ ಕಡೆ ‘ಬರ್ತೀನಂದ’, ‘ಒಲ್ಲೆಂದಳು’ ಅಂತ ಕೂಡಿಸಿಯೇ ಆಡ್ತೀವಲ್ಲ. ಆಗ ಕೋಟ್ ಎಲ್ಲಿ ಮುಚ್ಚಬೇಕು?

ಡಿಟಿಪಿ ಕೆಲಸದವ, ಗದಗ

ಇದಕ್ಕೆ ನಾನು ಹೇಳುತ್ತೇನೆ. ಮುದ್ರಣ ಕಾಶಿ ಅನ್ನಿಸಿಕೊಂಡ ಊರಿನವನು, ಇಂಥವು ಬಹಳ ಟೈಪ್ ಮಾಡಿದ್ದೇನೆ. “ಬರ್ತೀನ”ಂದ ಅಂತ ಬರೆದುಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೊನ್ನೆಗೆ ಹಿಂದೆ ಅಕ್ಷರವೇ ಇಲ್ಲದ ಹಾಗಾಗಿ, ಪರದೆಯ ಮೇಲೆ ಚುಕ್ಕಿ ಸುತ್ತಿನ ಗುರುತು ಮೂಡುತ್ತದೆ.

ದಾರಿ ಎರಡು. ಬಿಡಿಸಿ ಬರೆಯಿರಿ: “ಬರ್ತೀನಿ” ಅಂದ. ಇಲ್ಲವೇ ಕೋಟ್ ಪೂರ್ತಿ ಬಿಟ್ಟು ಕಥೆ ಹೇಳುವವರ ಮಾತಿನಲ್ಲೇ ಸೇರಿಸಿ: ಬಸು ನಾಳೆ ಬರ್ತೀನಂದ. ಎರಡನೆಯದು ನಮಗೆ ಹೊಸದೇನಲ್ಲ. ನಮ್ಮ ಕುಮಾರವ್ಯಾಸನ ಭಾರತ ತೆಗೆದು ನೋಡಿ. ಷಟ್ಪದಿ ಎಷ್ಟೋ ಕಡೆ ‘ಎಂದ’ದಲ್ಲೇ ಮುಗಿಯುತ್ತದೆ, ಅದೂ ಹಿಂದಿನ ಪದಕ್ಕೆ ಕೂಡಿಕೊಂಡು. ಕೋಟ್ ಇಲ್ಲದೆಯೂ ಆಡಿದ ಮಾತು ಎಲ್ಲಿ ಮುಗಿಯಿತು ಅಂತ ಕೇಳುವವರಿಗೆ ಗೊತ್ತಾಗುತ್ತಿತ್ತು.

ಟೈಪ್ ಮಾಡುವಾಗ ಒಂದು ಎಚ್ಚರ. ಮಾತು ಅರ್ಧಕ್ಕೆ ತುಂಡಾದಾಗ ಉದ್ದ ಗೆರೆ ಹಾಕಿ ಕೋಟ್ ಮುಚ್ಚುತ್ತೀರಲ್ಲ, “ಆದರ ಅವ್ವಾ—” ಅಂತ, ಅಲ್ಲಿ ವರ್ಡ್ ಮುಚ್ಚುವ ಕೋಟ್ ಬದಲು ತೆರೆಯುವ ಕೋಟ್ ಹಾಕಿಬಿಡುತ್ತದೆ. ಪ್ರೂಫಿನಲ್ಲಿ ಆ ಜಾಗಗಳನ್ನು ಬೇರೆಯಾಗಿ ಹುಡುಕಿ ನೋಡಿ. ಮತ್ತೆ ಪ್ರಶ್ನೆ ಚಿಹ್ನೆಯ ಹಿಂದೆ ಸ್ಪೇಸ್ ಬಿಡಬೇಡಿ. ಬಿಟ್ಟರೆ ಸಾಲು ತುಂಬಿದಾಗ ಚಿಹ್ನೆ ಮತ್ತು ಕೋಟ್ ಮಾತ್ರ ಮುಂದಿನ ಸಾಲಿಗೆ ಜಾರಿ ಕೂತುಬಿಡುತ್ತವೆ.

ಪ್ರೂಫ್ ನೋಡುವವ, ಧಾರವಾಡ

ಗದಗಿನವರು ಹೇಳಿದ ಎರಡನೇ ದಾರಿ ಚೆಂದ. ಆದರೆ ಮಾತಿನೊಳಗೆ ‘ನಾನು’, ‘ನನಗೆ’ ಬಂದರೆ ಹುಷಾರು. ಕಥೆಯನ್ನು ‘ನಾನು’ ಅಂತಲೇ ಹೇಳುತ್ತಿದ್ದೀರಿ ಅಂದುಕೊಳ್ಳಿ. ‘ನನಗೆ ರೊಕ್ಕ ಕೊಡಬೇಕು ಅಂತ ಬಸು ಹೇಳಿದ.’ ರೊಕ್ಕ ಯಾರಿಗೆ? ಕಥೆ ಹೇಳುವವರಿಗೋ, ಬಸುವಿಗೋ? ಕೋಟ್ ಇದ್ದರೆ, “ನನಗೆ ರೊಕ್ಕ ಕೊಡಬೇಕು” ಅಂತ ಬಸು ಹೇಳಿದ, ಅದು ಬಸುವಿಗೇ. ಕೋಟ್ ಬೇಡ ಅಂದರೆ ‘ತನಗೆ’ ಅಂತ ಬದಲಿಸಿ. ಹಸ್ತಪ್ರತಿ ನೋಡುವಾಗ ನಾನು ಜಾಸ್ತಿ ಪೆನ್ಸಿಲ್ ಗುರುತು ಹಾಕುವುದು ಇಲ್ಲಿಯೇ.

ಅಜ್ಜಿ ಕಥೆ ಬರೆಯುವವಳು, ರಾಣೆಬೆನ್ನೂರು

ನಂದೊಂದು ಸೇರಿಸಲಾ? ನನ್ನ ಕಥೆಯಲ್ಲಿ ಅಜ್ಜಿ ಒಬ್ಬಳೇ ಮೂರು ಪ್ಯಾರಾ ಮಾತಾಡುತ್ತಾಳೆ. ಪ್ರತಿ ಪ್ಯಾರಾ ಕೊನೆಗೆ ಕೋಟ್ ಮುಚ್ಚಿದೆ. ಓದಿದ ಗೆಳತಿ, ಅಜ್ಜಿಗೆ ಉತ್ತರ ಕೊಡ್ತಿರೋ ಆ ಇನ್ನೊಬ್ಬರು ಯಾರು ಅಂತ ಕೇಳಿದಳು!

ಪ್ರೂಫ್ ನೋಡುವವ, ಧಾರವಾಡ

ಅಕ್ಕಾರ, ಪ್ರತಿ ಪ್ಯಾರಾ ಮೊದಲಿಗೆ ಕೋಟ್ ತೆರೆಯಿರಿ. ಮುಚ್ಚುವುದು ಮೂರನೆಯ ಪ್ಯಾರಾ ಕೊನೆಗೆ ಮಾತ್ರ. ಮುಚ್ಚಿಲ್ಲ ಅಂದರೆ ಅದೇ ಬಾಯಿ ಇನ್ನೂ ಆಡುತ್ತಿದೆ ಅಂತ ಅರ್ಥ. ಅಜ್ಜಿ ತನ್ನ ಮಾತಿನೊಳಗೆ ಬೇರೆಯವರ ಮಾತು ತಂದರೆ ಅದಕ್ಕೆ ಒಂಟಿ ಕೋಟ್: “ಗೌಡರು ‘ಬಾ ಒಳಗ’ ಅಂದ್ರು.”

ಡಿಟಿಪಿ ಕೆಲಸದವ, ಗದಗ

ಪದ್ಧತಿ ಅದೇ ಸರ್, ಆದರೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಮುಚ್ಚದ ಕೋಟ್ ಕಂಡರೆ ನಮ್ಮ ಓದುಗರು ಅಚ್ಚಿನ ತಪ್ಪು ಅಂತಾರೆ. ಕೆಲವು ಲೇಖಕರೂ ಬಂದು ‘ಇಲ್ಲಿ ಬಿಟ್ಟುಹೋಗಿದೆ’ ಅಂತ ಮುಚ್ಚಿಸಿಕೊಂಡು ಹೋಗಿದ್ದಾರೆ. ಅದಕ್ಕಿಂತ ಅಜ್ಜಿಯ ಮುಂದೆ ಕೂತ ಮೊಮ್ಮಗಳು ಪ್ಯಾರಾ ಕೊನೆಗೊಮ್ಮೆ “ಹೂಂ, ಆಮೇಲೆ?” ಅನ್ನಲಿ.

ಅಜ್ಜಿ ಕಥೆ ಬರೆಯುವವಳು, ರಾಣೆಬೆನ್ನೂರು

ನನ್ನ ಅಜ್ಜಿ ಯಾರಿಗೂ ನಡುವೆ ಬಾಯಿ ಹಾಕೋಕೆ ಬಿಡುವವಳಲ್ಲ. ಒಂದು ಸಲ ಮುಚ್ಚದೇ ಬರೆದು ಗೆಳತಿಗೆ ಕೊಟ್ಟು ನೋಡ್ತೀನಿ.

ಹೊಸ ಕಥೆಗಾರ್ತಿ, ಹುಬ್ಬಳ್ಳಿ

ಎಲ್ಲರಿಗೂ ಶರಣು. ಮುಂದಿನ ತುಣುಕು ತಿದ್ದಿದ್ದೇನೆ. ಇಷ್ಟು ನೋಡಿಬಿಡಿ:

> “ಬ್ಯಾಡ ಮಾವ ಬರ್ತಾನ” ಎಂದಳು ಶಾಂತವ್ವ.

ಕನ್ನಡ ಟೀಚರ್, ನವನಗರ

ಇಲ್ಲಿ ಕಾಮಾ ಬೇಕೇ ಬೇಕು, ಈ ಸಲ ಪ್ರೂಫ್ ಸರ್ ಕೂಡ ಒಪ್ಪುತ್ತಾರೆ. “ಬ್ಯಾಡ, ಮಾವ ಬರ್ತಾನ” ಅಂದರೆ ಬರುವವನು ಮಾವ. “ಬ್ಯಾಡ ಮಾವ, ಬರ್ತಾನ” ಅಂದರೆ ಮಾವ ಎದುರಿಗೇ ಕೂತಿದ್ದಾನೆ, ಬರುವವನು ಬೇರೆ ಯಾರೋ. ನಿಮ್ಮ ಕಥೆಯಲ್ಲಿ ಯಾರು ಬರಬೇಕು?

ಹೊಸ ಕಥೆಗಾರ್ತಿ, ಹುಬ್ಬಳ್ಳಿ

ಮಾವ ಎದುರಿಗೇ ಇದ್ದಾನೆ ಟೀಚರ್. ಬರಬೇಕಾದವನು ಬಸು.