ಓದುಗರ ಸ್ಪಂದನ: ಮ್ಯಾನೇಜರ್ ಯಾಕೆ ಅಕೌಂಟೆಂಟ್ ಆಗಬೇಕು?

ಕಳೆದ ವಾರದ ಸಮಸ್ಯೆ: ‘ಬ್ರಹ್ಮಾವರದಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ಅಕೌಂಟ್ಸ್ ಮ್ಯಾನೇಜರ್ ನಾನು. ಕೈಕೆಳಗೆ ಆರು ಜನರಿದ್ದಾರೆ. ಉಡುಪಿಯ ಒಂದು ಸಂಸ್ಥೆಯಲ್ಲಿ ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಅರ್ಜಿ ಹಾಕಿದ್ದೆ. ಯಾಕೆ ಕೆಳಗಿಳಿಯುತ್ತೀರಿ ಎಂದು ಕೇಳಿದರು. ಮನೆಗೆ ಹತ್ತಿರ, ಒತ್ತಡವೂ ಕಡಿಮೆ ಎಂದೆ. ಮತ್ತೆ ಕರೆ ಬರಲಿಲ್ಲ. ಇನ್ನೊಂದು ಸಂದರ್ಶನ ಹತ್ತಿರವಿದೆ, ಏನು ಹೇಳಲಿ?’

ನಿವೃತ್ತ ಸಿಬ್ಬಂದಿ ಅಧಿಕಾರಿ, ಸುರತ್ಕಲ್

ಮೇಡಂ, ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಸಂದರ್ಶನ ಮಾಡಿದವನು ನಾನು. ನಿಮ್ಮ ಉತ್ತರ ಎಡವಿದ್ದು ‘ಒತ್ತಡ ಕಡಿಮೆ’ ಎಂಬಲ್ಲಿ. ಸೀನಿಯರ್ ಅಕೌಂಟೆಂಟ್‌ನ ತಿಂಗಳು ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು. ಏಳಕ್ಕೆ ಟಿಡಿಎಸ್ ಕಟ್ಟಬೇಕು, ಹನ್ನೊಂದಕ್ಕೆ ಜಿಎಸ್‌ಟಿಆರ್-1, ಇಪ್ಪತ್ತಕ್ಕೆ 3ಬಿ. ಗಡುವಿನ ಹಿಂದಿನ ರಾತ್ರಿ ಕಂಪ್ಯೂಟರ್ ಮುಂದೆ ಕೂರುವವರು ಅವರೇ, ಮ್ಯಾನೇಜರ್ ಅಲ್ಲ. ಅದನ್ನು ಆರಾಮದ ಕೆಲಸವೆಂದರೆ, ಇವರು ಕೆಲಸ ಮರೆತಿದ್ದಾರೆ ಅಥವಾ ಮಾಡುವ ಮನಸ್ಸಿಲ್ಲ ಎಂದೇ ಎದುರಿನವರು ತಿಳಿಯುತ್ತಾರೆ.

‘ಯಾಕೆ’ ಎಂದು ಕೇಳುವವರ ಮನಸ್ಸಿನಲ್ಲಿ ಇರುವುದು ಅಳುಕು. ಮ್ಯಾನೇಜರ್ ಹುದ್ದೆ ಸಿಕ್ಕಿದ ತಕ್ಷಣ ಈಕೆ ಹೊರಡುವುದಿಲ್ಲವೇ? ಈಗಿನ ಕಡೆ ಏನಾದರೂ ರಗಳೆ ಆಗಿದೆಯೇ? ಈ ಸಂಬಳಕ್ಕೆ ನಿಜವಾಗಿಯೂ ಒಪ್ಪುತ್ತಾರೆಯೇ? ‘ಮನೆಗೆ ಹತ್ತಿರ’ ಎಂಬುದು ನಿಜವೇ ಇರಬಹುದು, ಆದರೆ ನಾಳೆ ಮನೆ ಹತ್ತಿರವೇ ಇನ್ನೊಂದು ಮ್ಯಾನೇಜರ್ ಹುದ್ದೆ ತೆರೆದರೆ ಆ ಕಾರಣ ನಿಮ್ಮನ್ನು ಅಲ್ಲಿಗೇ ಎಳೆಯುತ್ತದೆ. ಅದನ್ನು ಎರಡನೆಯದಾಗಿ ಹೇಳಿ. ಮೊದಲ ಕಾರಣ ಕೆಲಸದ ಒಳಗಿನದೇ ಆಗಿರಲಿ.

ಉದಾಹರಣೆಗೆ: ‘ನಾಲ್ಕು ವರ್ಷಗಳಿಂದ ನಾನು ಲೆಕ್ಕ ಬರೆಯುತ್ತಿಲ್ಲ, ಬೇರೆಯವರು ಬರೆದದ್ದಕ್ಕೆ ಸಹಿ ಹಾಕುತ್ತಿದ್ದೇನೆ. ಕಳೆದ ವರ್ಷ ನಮ್ಮಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದಾಗ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರು ಪೂರೈಕೆದಾರರು ರಿಟರ್ನ್‌ನಲ್ಲಿ ನಮ್ಮ ಬಿಲ್ಲನ್ನೇ ತೋರಿಸಿರಲಿಲ್ಲ. ಅವರ ಬೆನ್ನು ಹತ್ತಿ ಸರಿಮಾಡಿಸಿದೆ. ಆ ಮೂರು ತಿಂಗಳು ಕಚೇರಿಗೆ ಹೋಗಲು ಉತ್ಸಾಹವಿತ್ತು. ನಾನು ಹುಡುಕುತ್ತಿರುವುದು ಅಂಥ ಕೆಲಸ.’ ಇದು ನನ್ನ ಕಲ್ಪನೆ. ನಿಮ್ಮ ಅನುಭವದಲ್ಲಿ ನಿಜವಾಗಿ ನಡೆದದ್ದನ್ನೇ ಹೇಳಿ, ಏಕೆಂದರೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ಈಗಿನ ಯಜಮಾನರ ಮೇಲೆ ದೂರು ಮಾತ್ರ ಬೇಡ.

ಸಂಬಳದ ವಿಷಯವನ್ನು ಅವರು ಕೇಳುವ ಮೊದಲೇ ನೀವೇ ತೆಗೆಯಿರಿ. ಈಗ 62 ಸಾವಿರವಿದ್ದು ಆ ಹುದ್ದೆಗೆ 45 ಎಂದಿಟ್ಟುಕೊಳ್ಳಿ. ‘17 ಸಾವಿರ ಕಡಿಮೆಯಾಗುವುದು ಗೊತ್ತಿದೆ. ಗೃಹಸಾಲದ ಕಂತು ಮಾರ್ಚಿಗೆ ಮುಗಿಯಿತು, ಬಸ್ಸಿನ ಖರ್ಚೂ ಉಳಿಯುತ್ತದೆ, ಮನೆಯಲ್ಲಿ ಕುಳಿತು ಲೆಕ್ಕ ಹಾಕಿಯೇ ಬಂದಿದ್ದೇನೆ’ ಎಂದರೆ ನಂಬುತ್ತಾರೆ. ‘ಹಣ ಮುಖ್ಯವಲ್ಲ’ ಎಂದವರನ್ನು ನಾನಂತೂ ಒಮ್ಮೆಯೂ ನಂಬಿದ್ದಿಲ್ಲ! ಅರ್ಜಿಯ ಜೊತೆಗಿನ ಪತ್ರದಲ್ಲೂ ಎರಡು ಸಾಲಿನಲ್ಲಿ ಕಾರಣ ಬರೆಯಿರಿ. ಇಲ್ಲದಿದ್ದರೆ ಹೆಚ್ಚಿನವರು ‘ಮ್ಯಾನೇಜರ್’ ಎಂಬ ಪದ ನೋಡಿಯೇ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ.

ಓದುಗರು, ಕಾಪು

ಅಕ್ಕ, ನಾನು ಹೀಗೆ ಇಳಿದವನೇ. ಸಂದರ್ಶನದಲ್ಲಿ ನನಗೆ ಕಷ್ಟವಾದದ್ದು ಬೇರೆ ಪ್ರಶ್ನೆ. ಮೇಲಧಿಕಾರಿ ಆಗಲಿದ್ದವರು ನನಗಿಂತ ಒಂಬತ್ತು ವರ್ಷ ಚಿಕ್ಕವರು, ಎದುರೇ ಕುಳಿತಿದ್ದರು. ‘ನಾನು ಹೇಳಿದ್ದು ತಪ್ಪೆಂದು ನಿಮಗೆ ಅನಿಸಿದರೆ?’ ಎಂದರು. ‘ನಿಮ್ಮ ಕೋಣೆಗೆ ಬಂದು ಒಮ್ಮೆ ಹೇಳುತ್ತೇನೆ. ಆಮೇಲೂ ನೀವು ಅದನ್ನೇ ಹೇಳಿದರೆ ಹಾಗೆಯೇ ಮಾಡುತ್ತೇನೆ, ಕಾನೂನಿಗೆ ವಿರುದ್ಧವಾಗಿರದಿದ್ದರೆ’ ಎಂದೆ. ಅವರು ನಕ್ಕರು. ಆದರೆ ಕೆಲಸಕ್ಕೆ ಸೇರಿದ ಮೂರನೆಯ ದಿನ ಎಲ್ಲರೆದುರು ಅವರ ವೋಚರ್ ತಿದ್ದಿಬಿಟ್ಟೆ. ಹಳೆಯ ಚಾಳಿ. ಆ ಮುಖ ಸರಿಹೋಗಲು ಎರಡು ತಿಂಗಳು ಬೇಕಾಯಿತು.

ಓದುಗರು, ಮಣಿಪಾಲ

ಕೆಲವರು ಬಯೋಡೇಟಾದಲ್ಲಿ ‘ಮ್ಯಾನೇಜರ್’ ತೆಗೆದು ‘ಅಕೌಂಟೆಂಟ್’ ಎಂದು ಹಾಕಲು ಹೇಳಬಹುದು. ದಯವಿಟ್ಟು ಬೇಡ. ನನ್ನ ತಮ್ಮ ಹಾಗೆ ಮಾಡಿದ. ಕೊನೆಯ ಮೂರು ತಿಂಗಳ ಸಂಬಳ ಚೀಟಿ ಕೇಳಿದಾಗ ಅದರ ತಲೆಯಲ್ಲೇ ಹುದ್ದೆಯ ಹೆಸರಿತ್ತು. ಹುದ್ದೆ ಇದ್ದಂತೆಯೇ ಇರಲಿ, ಅದರ ಕೆಳಗೆ ಸ್ವಂತ ಕೈಯಿಂದ ಮಾಡಿದ ಕೆಲಸಗಳನ್ನು ಮೊದಲು ಬರೆಯಿರಿ, ಆರು ಜನರ ಮೇಲ್ವಿಚಾರಣೆ ಕೊನೆಗಿರಲಿ.

ಇನ್ನೊಂದು ಮಾತು. ಈ ಸಲದ ಸಂಸ್ಥೆ ಎಷ್ಟು ದೊಡ್ಡದು? ಸಣ್ಣ ಕಡೆಯ ಮ್ಯಾನೇಜರ್ ಮಾಡುವ ಕೆಲಸವನ್ನೇ ದೊಡ್ಡ ಕಡೆ ಸೀನಿಯರ್ ಅಕೌಂಟೆಂಟ್ ಮಾಡುವುದುಂಟು. ಎರಡೂ ಕಡೆಯ ವಾರ್ಷಿಕ ವಹಿವಾಟು ಹೋಲಿಸಿ ನೋಡಿ. ಹಾಗಿದ್ದರೆ ನೀವು ಇಳಿಯುತ್ತಲೇ ಇಲ್ಲ, ಸಂದರ್ಶನದಲ್ಲಿ ಅದನ್ನೇ ಹೇಳಬಹುದು. ನಿಮ್ಮ ನೋಟಿಸ್ ಅವಧಿ ಎಷ್ಟು ಎಂಬುದನ್ನೂ ನೇಮಕಾತಿ ಪತ್ರದಲ್ಲಿ ನೋಡಿಕೊಂಡು ಹೋಗಿ. ಮ್ಯಾನೇಜರ್‌ಗಳಿಗೆ ಹಲವೆಡೆ ಮೂರು ತಿಂಗಳಿರುತ್ತದೆ, ಅಷ್ಟು ದಿನ ಅಕೌಂಟೆಂಟ್‌ಗಾಗಿ ಕಾಯಲು ಅವರು ತಯಾರಿರುವುದಿಲ್ಲ.